ಹೊಟ್ಟೆಗಿಳಿದ ಬಿ12 ರಕ್ತಕ್ಕೇಕೆ ಇಳಿಯಲಿಲ್ಲ?

ಬೆಳಿಗ್ಗೆ ಮುಖ ತೊಳೆಯುವಾಗ ಕಣ್ಣು ಮುಚ್ಚಿದೊಡನೆ ಮೇಷ್ಟ್ರು ಪಕ್ಕಕ್ಕೆ ವಾಲುತ್ತಿದ್ದರು. ಮೊದಮೊದಲು ತಲೆಸುತ್ತು ಅಂದುಕೊಂಡರು. ಆಮೇಲೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಹವಾಯಿ ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದಿದ್ದರೂ ನಾಲ್ಕು ಹೆಜ್ಜೆ ಮುಂದೆ ಹೋಗುವವರೆಗೆ ಅವರಿಗೆ ತಿಳಿಯುತ್ತಿರಲಿಲ್ಲ. ರಾತ್ರಿ ಅಂಗಾಲು ಉರಿ, ಬೆರಳ ತುದಿಯಲ್ಲಿ ಇರುವೆ ಹರಿದಾಡಿದಂಥ ಜೋಮು. ವಯಸ್ಸು 68. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು, ರಾತ್ರಿ ಒಂದು, ಒಟ್ಟು ದಿನಕ್ಕೆ 2 ಗ್ರಾಮ್ ಮೆಟ್‌ಫಾರ್ಮಿನ್. ಐದು ವರ್ಷದಿಂದ ಖಾಲಿ ಹೊಟ್ಟೆಗೆ ಒಂದು ಗ್ಯಾಸ್ಟ್ರಿಕ್ ಮಾತ್ರೆ. ಶುದ್ಧ ಸಸ್ಯಾಹಾರಿ, ಆದರೆ ಹಾಲು ಮೊಸರಿಗೆ ಕೊರತೆಯಿಲ್ಲದ ಮನೆ.

ಈ ಮೇಷ್ಟ್ರು ನಿರ್ದಿಷ್ಟ ವ್ಯಕ್ತಿಯಲ್ಲ. ಮಧುಮೇಹದ ವೈದ್ಯರ ಮುಂದೆ ಮತ್ತೆ ಮತ್ತೆ ಬಂದು ಕೂರುವ ಅನೇಕರನ್ನು ಸೇರಿಸಿ, ವಿಷಯ ತಿಳಿಸಲೆಂದು ಒಬ್ಬರನ್ನಾಗಿ ಮಾಡಿಕೊಂಡಿದ್ದೇನೆ. ಇಂಥವರ ಕಾಲಿನ ಉರಿಗೆ ಮೊದಲು ಸಿಗುವ ಉತ್ತರ ಒಂದೇ: ‘ಶುಗರ್‌ನಿಂದ ನರ ಹಾಳಾಗಿದೆ.’ ಅದು ಸುಳ್ಳೇನಲ್ಲ, ಬಹಳ ಜನರಲ್ಲಿ ನಿಜವೇ. ಆದರೆ ಮೇಷ್ಟ್ರ ಮೂರು ತಿಂಗಳ ಸಕ್ಕರೆಯ ಸರಾಸರಿ 6.9. ಹನ್ನೆರಡು ವರ್ಷದ ಕಾಯಿಲೆಗೆ ಇದು ಒಳ್ಳೆಯ ಹಿಡಿತ. ಸಕ್ಕರೆ ಹಿಡಿತದಲ್ಲಿದ್ದೂ ಕಾಲು ಹೀಗೇಕೆ ಎಂದು ಅನುಮಾನಿಸಿದ ವೈದ್ಯರು ರಕ್ತದ ಬಿ12 ನೋಡಿಸಿದರು. ಒಂದು ಮಿಲಿಲೀಟರಿಗೆ 148 ಪೈಕೋಗ್ರಾಮ್ ಬಂತು. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ.

‘ಎರಡು ಹೊತ್ತು ಹಾಲು ಕುಡಿಯುತ್ತೇನಲ್ಲ ಡಾಕ್ಟ್ರೇ?’ ಎಂದು ಮೇಷ್ಟ್ರು ಕೇಳಿದ್ದರಲ್ಲಿ ತಪ್ಪಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವೆ. ಇಲ್ಲಿ ಬಾಯಿಗೆ ಬಂದ ತುತ್ತು ರಕ್ತಕ್ಕೆ ಬಂದಿರಲಿಲ್ಲ. ನಡುವೆ ಎಲ್ಲಿ ನಿಂತಿತು ಎಂದು ತಿಳಿಯಬೇಕಾದರೆ ಬಿ12ರ ಜೊತೆಗೇ ಗಂಟಲಿನಿಂದ ಕರುಳಿನವರೆಗೆ ಒಮ್ಮೆ ಪ್ರಯಾಣ ಮಾಡಬೇಕು.

ಒಬ್ಬಂಟಿಯಾಗಿ ದಾಟಲಾಗದ ಅಣು

ಬಿ12ರ ರಾಸಾಯನಿಕ ಹೆಸರು ಕೊಬಾಲಮಿನ್. ಅಣುವಿನ ನಡುವೆ ಕೋಬಾಲ್ಟ್ ಲೋಹದ ಒಂದು ಪರಮಾಣು ಕುಳಿತಿರುವುದರಿಂದ ಈ ಹೆಸರು. ಇದನ್ನು ತಯಾರಿಸುವುದು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಮಾತ್ರ. ಗಿಡಕ್ಕೂ ಬಾರದು, ಹಸುವಿಗೂ ಬಾರದು, ನಮಗೂ ಬಾರದು. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಮಾಡಿದ್ದು ಅದರ ಮೈಗೆ ಸೇರಿ ಹಾಲಿಗೆ ಇಳಿಯುತ್ತದೆ. ಹಾಗಾಗಿ ರಾಗಿ ಮುದ್ದೆ, ಸೊಪ್ಪಿನ ಸಾರು, ಬೇಳೆ, ಹಣ್ಣು ಯಾವುದರಲ್ಲೂ ನೆಚ್ಚಿಕೊಳ್ಳುವಷ್ಟು ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ.

ನಮಗೆ ಬೇಕಾದದ್ದು ತೀರಾ ಸ್ವಲ್ಪ, ದಿನಕ್ಕೆ ಸುಮಾರು 2ರಿಂದ 2.5 ಮೈಕ್ರೋಗ್ರಾಮ್. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಮ್. ಎಂಬತ್ತು ವರ್ಷ ಬದುಕಿದವರ ಇಡೀ ಜೀವಮಾನದ ಬಿ12ನ್ನು ಒಟ್ಟುಗೂಡಿಸಿ ತೂಗಿದರೂ ಗ್ರಾಮಿನ ಹತ್ತನೇ ಒಂದು ಭಾಗ ಆಗುವುದಿಲ್ಲ.

ಇಷ್ಟು ಅಲ್ಪವಾದದ್ದು ಸುಲಭವಾಗಿ ಒಳಸೇರಬಹುದಲ್ಲ ಅನ್ನಿಸುತ್ತದೆ. ಕಷ್ಟ ಅಲ್ಲೇ ಇರುವುದು. ಜೀವಸತ್ವಗಳಲ್ಲೆಲ್ಲ ಬಿ12ರದ್ದು ಅತಿ ದೊಡ್ಡ, ಅತಿ ತೊಡಕಿನ ಅಣು. ಸಿ ಜೀವಸತ್ವದ ಅಣುವಿಗಿಂತ ಸುಮಾರು ಏಳೂವರೆ ಪಟ್ಟು ಭಾರ. ನೀರಿನಲ್ಲಿ ಕರಗುವ ಈ ದೊಡ್ಡ ಅಣುವಿಗೆ ಕರುಳಿನ ಜೀವಕೋಶದ ಜಿಡ್ಡಿನ ಪೊರೆಯನ್ನು ತಾನಾಗಿ ದಾಟುವುದು ಆಗದ ಮಾತು. ಕರುಳಿಗೆ ಬಿದ್ದ ಬಿ12ರಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಹೇಗೋ ಸೋರಿ ಒಳಹೋಗುತ್ತದೆ. ಎರಡು ಮೈಕ್ರೋಗ್ರಾಮಿನಲ್ಲಿ ನೂರಕ್ಕೊಂದು ಅಂದರೆ ಇದ್ದೂ ಇಲ್ಲದ ಹಾಗೆ. ಜೊತೆಗೆ ಕರುಳಿನಲ್ಲಿ ಬಿ12ಕ್ಕಾಗಿ ಬಾಯಿ ತೆರೆದು ಕೂತ ಬ್ಯಾಕ್ಟೀರಿಯಾಗಳಿವೆ, ನೋಡಲು ಬಿ12ರ ಹಾಗೇ ಇದ್ದು ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ನಕಲಿ ಅಣುಗಳೂ ಇವೆ.

ಆದ್ದರಿಂದ ದೇಹ ಈ ಒಂದು ಜೀವಸತ್ವಕ್ಕಾಗಿ ಪ್ರತ್ಯೇಕ ಬೆಂಗಾವಲನ್ನೇ ಇಟ್ಟುಕೊಂಡಿದೆ. ಜಠರದ ಒಳಗೋಡೆಯಲ್ಲಿ ಪರೈಟಲ್ ಕೋಶಗಳೆಂಬ ಕೋಶಗಳಿವೆ. ಹೊಟ್ಟೆಯ ಆಮ್ಲವನ್ನು ಸುರಿಸುವವು ಇವೇ. ಅವೇ ಕೋಶಗಳು ಇನ್ನೊಂದು ಪ್ರೋಟೀನನ್ನೂ ಸ್ರವಿಸುತ್ತವೆ. ಅದರ ಹೆಸರು ಇಂಟ್ರಿನ್ಸಿಕ್ ಫ್ಯಾಕ್ಟರ್, ಎಂದರೆ ‘ಒಳಗಿನ ಅಂಶ’. ಒಂದು ಇಂಟ್ರಿನ್ಸಿಕ್ ಫ್ಯಾಕ್ಟರ್ ಅಣು ಒಂದು ಬಿ12 ಅಣುವನ್ನು ತಬ್ಬಿ ಹಿಡಿಯುತ್ತದೆ.

ಆದರೆ ಈ ತಬ್ಬುಗೆ ಜಠರದಲ್ಲೇ ಆಗುವುದಿಲ್ಲ. ಆಹಾರದಲ್ಲಿನ ಬಿ12 ಮೊದಲು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜಠರದ ಆಮ್ಲ ಮತ್ತು ಪೆಪ್ಸಿನ್ ಎಂಬ ಪಾಚಕ ಸೇರಿ ಅದನ್ನು ಬಿಡಿಸುತ್ತವೆ. ಬಿಡುಗಡೆಯಾದ ಬಿ12ನ್ನು ತಕ್ಷಣ ಹಿಡಿಯುವುದು ಎಂಜಲಿನ ಜೊತೆ ಇಳಿದುಬಂದ ಹ್ಯಾಪ್ಟೋಕೊರಿನ್ ಎಂಬ ಇನ್ನೊಂದು ಪ್ರೋಟೀನು. ಆಮ್ಲದಲ್ಲಿ ಇದರ ಹಿಡಿತವೇ ಬಲ. ಇಂಟ್ರಿನ್ಸಿಕ್ ಫ್ಯಾಕ್ಟರ್ ಪಕ್ಕದಲ್ಲೇ ಕಾಯುತ್ತ ಜೊತೆಗೆ ಸಾಗುತ್ತದೆ. ಸಣ್ಣ ಕರುಳಿನ ಮೊದಲ ತಿರುವಿನಲ್ಲಿ ಮೇದೋಜೀರಕ ಗ್ರಂಥಿಯ ರಸ ಬಂದು ಹ್ಯಾಪ್ಟೋಕೊರಿನ್ನನ್ನು ಜೀರ್ಣಿಸಿಬಿಡುತ್ತದೆ. ಆ ರಸಕ್ಕೆ ಇಂಟ್ರಿನ್ಸಿಕ್ ಫ್ಯಾಕ್ಟರ್ ಜಗ್ಗುವುದಿಲ್ಲ. ಕೈಬಿಟ್ಟ ಬಿ12ನ್ನು ಅದು ಆಗ ಹಿಡಿದುಕೊಳ್ಳುತ್ತದೆ. ಹ್ಯಾಪ್ಟೋಕೊರಿನ್ ಅಸಲಿ ನಕಲಿ ನೋಡದೆ ಹಿಡಿಯುವಂಥದ್ದು. ಇಂಟ್ರಿನ್ಸಿಕ್ ಫ್ಯಾಕ್ಟರ್ ಹಾಗಲ್ಲ, ಆರಿಸಿ ಅಸಲಿಯನ್ನೇ ಹಿಡಿಯುತ್ತದೆ.

ಇನ್ನು ಜೋಡಿಯ ಪಯಣ ಸಣ್ಣ ಕರುಳಿನ ಉದ್ದಕ್ಕೂ, ಅದರ ಕೊನೆಯ ಭಾಗವಾದ ಇಲಿಯಂವರೆಗೆ. ಅಲ್ಲಿನ ಕೋಶಗಳ ಮೇಲೆ ಈ ಜೋಡಿಗೆಂದೇ ಇರುವ ಬಾಗಿಲುಗಳಿವೆ. ಅವುಗಳ ಮುಖ್ಯ ಪ್ರೋಟೀನಿನ ಹೆಸರು ಕ್ಯುಬಿಲಿನ್. ಬರಿಯ ಬಿ12 ಬಂದರೆ ಬಾಗಿಲು ತೆರೆಯದು. ಬಿ12 ಇಲ್ಲದೆ ಬರಿಗೈಯಲ್ಲಿ ಇಂಟ್ರಿನ್ಸಿಕ್ ಫ್ಯಾಕ್ಟರ್ ಬಂದರೂ ತೆರೆಯದು. ಇಬ್ಬರೂ ಜೊತೆಗಿರಬೇಕು. ಅಷ್ಟೇ ಅಲ್ಲ, ಆ ಜೋಡಿ ಬಾಗಿಲಿಗೆ ಅಂಟಿಕೊಳ್ಳಲು ಅಲ್ಲಿ ಕ್ಯಾಲ್ಸಿಯಂ ಇರಬೇಕು. ಈ ಕ್ಯಾಲ್ಸಿಯಂ ಮಾತನ್ನು ನೆನಪಿಡಿ, ಮೆಟ್‌ಫಾರ್ಮಿನ್ ಕಥೆಯಲ್ಲಿ ಮತ್ತೆ ಬರುತ್ತದೆ. ಒಂದು ಊಟಕ್ಕೆ ಈ ಬಾಗಿಲುಗಳು ಒಳಬಿಡುವುದು ಹೆಚ್ಚೆಂದರೆ ಒಂದೂವರೆಯಿಂದ ಎರಡು ಮೈಕ್ರೋಗ್ರಾಮ್. ಆಮೇಲೆ ಕೆಲವು ಗಂಟೆ ವಿರಾಮ.

ನಮ್ಮ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳೂ ಬಿ12 ತಯಾರಿಸುತ್ತವೆ. ಆದರೆ ಅದು ತಯಾರಾಗುವುದು ಬಾಗಿಲು ದಾಟಿದ ಮೇಲಿನ ಊರಿನಲ್ಲಿ. ಹಿಂದಕ್ಕೆ ಬರುವ ದಾರಿಯಿಲ್ಲ, ಹೊರಗೆ ಹೋಗುತ್ತದೆ.

ವೈದ್ಯರ ಹೊಟ್ಟೆಯಲ್ಲಿ ಅರೆದ ಮಾಂಸ

ಈ ಬೆಂಗಾವಲು ಇದೆಯೆಂದು ತೋರಿಸಿಕೊಟ್ಟ ಪ್ರಯೋಗ ಕೇಳಿದರೆ ಮುಖ ಕಿವುಚುವಂಥದ್ದು, ಆದರೆ ಮರೆಯುವಂಥದ್ದಲ್ಲ. 1920ರ ದಶಕದವರೆಗೆ ಪರ್ನಿಷಿಯಸ್ ಅನೀಮಿಯಾ, ಅಂದರೆ ಮಾರಕ ರಕ್ತಹೀನತೆ ಎಂಬ ಕಾಯಿಲೆ ಬಂದವರು ಉಳಿಯುತ್ತಿರಲಿಲ್ಲ. 1926ರಲ್ಲಿ ಅಮೆರಿಕದ ಬಾಸ್ಟನ್ನಿನ ಜಾರ್ಜ್ ಮೈನಾಟ್ ಮತ್ತು ವಿಲಿಯಂ ಮರ್ಫಿ ಇಂಥ ರೋಗಿಗಳಿಗೆ ದಿನವೂ ಹೆಚ್ಚು ಯಕೃತ್ತು ತಿನ್ನಿಸಿ ಬದುಕಿಸಬಹುದೆಂದು ತೋರಿಸಿದರು. ಆದರೆ ಪ್ರಶ್ನೆ ಉಳಿಯಿತು. ಆರೋಗ್ಯವಂತರೇನು ದಿನಾ ಯಕೃತ್ತು ತಿನ್ನುತ್ತಾರೆಯೇ? ಸಾಮಾನ್ಯ ಊಟದಲ್ಲೇ ಅವರಿಗೆ ಸಿಗುವುದು ಈ ರೋಗಿಗಳಿಗೆ ಯಾಕೆ ಸಿಗುತ್ತಿಲ್ಲ?

ಅದೇ ಊರಿನ ಯುವ ವೈದ್ಯ ವಿಲಿಯಂ ಕ್ಯಾಸಲ್ ಇದಕ್ಕೆ ಉತ್ತರ ಹುಡುಕಲು ಹೊರಟರು. ಈ ರೋಗಿಗಳ ಜಠರದಲ್ಲಿ ಆಮ್ಲವೇ ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹಾಗಾದರೆ ಆಮ್ಲದ ಜೊತೆಗೆ ಬೇರೇನೋ ಇಲ್ಲದಿರಬಹುದಲ್ಲ? ಅವರು ಮೊದಲು ರೋಗಿಗೆ ಹತ್ತು ದಿನ ಬರಿಯ ದನದ ಮಾಂಸ ಕೊಟ್ಟು ನೋಡಿದರು. ರಕ್ತದಲ್ಲಿ ಬದಲಾವಣೆಯಿಲ್ಲ. ಆಮೇಲೆ ತಾವೇ ಸುಮಾರು 300 ಗ್ರಾಮ್ ಅರೆಬೆಂದ ಮಾಂಸ ತಿಂದು, ಒಂದು ಗಂಟೆ ಬಿಟ್ಟು ಅದನ್ನು ಹೊಟ್ಟೆಯಿಂದ ಹೊರತೆಗೆದು, ಬೆಚ್ಚಗಿಟ್ಟು ನೀರಾಗಿಸಿ, ಕೊಳವೆಯ ಮೂಲಕ ರೋಗಿಯ ಹೊಟ್ಟೆಗೆ ಇಳಿಸಿದರು. ಕೆಲವೇ ದಿನಗಳಲ್ಲಿ ರೋಗಿಯ ರಕ್ತದಲ್ಲಿ ಹೊಸ ಕೆಂಪು ಕಣಗಳು ಏರತೊಡಗಿದವು. ಬರಿಯ ಜಠರರಸ ಕೊಟ್ಟಾಗ ಈ ಏರಿಕೆ ಕಾಣಲಿಲ್ಲ, ಬರಿಯ ಮಾಂಸ ಕೊಟ್ಟಾಗಲೂ ಕಾಣಲಿಲ್ಲ. ಎರಡೂ ಕೂಡಿದಾಗ ಮಾತ್ರ ಕಂಡಿತು.

1929ರಲ್ಲಿ ಪ್ರಕಟವಾದ ಈ ಕೆಲಸದಿಂದ ಎರಡು ಅಂಶಗಳ ಮಾತು ಹುಟ್ಟಿತು: ಆಹಾರದಿಂದ ಬರುವ ಹೊರಗಿನ ಅಂಶ, ಜಠರದಿಂದ ಬರುವ ಒಳಗಿನ ಅಂಶ. ಹೊರಗಿನ ಅಂಶ ಯಾವುದೆಂದು ಗೊತ್ತಾದದ್ದು 1948ರಲ್ಲಿ. ಆ ವರ್ಷ ಅಮೆರಿಕ ಮತ್ತು ಬ್ರಿಟನ್ನಿನ ಎರಡು ತಂಡಗಳು ಬೇರೆ ಬೇರೆಯಾಗಿ ಕೆಂಪು ಹರಳುಗಳನ್ನು ಬೇರ್ಪಡಿಸಿದವು. ಅದೇ ಬಿ12. ಒಳಗಿನ ಅಂಶಕ್ಕೆ ಮಾತ್ರ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಹಳೆಯ ಹೆಸರೇ ಉಳಿಯಿತು.

ಮುಪ್ಪಿನಲ್ಲಿ ಕೆಡುವುದು ಎರಡು ಬಗೆ

ವಯಸ್ಸಾದವರಲ್ಲಿ ಬಿ12 ಇಳಿದರೆ ಎಲ್ಲರಲ್ಲೂ ಒಂದೇ ಕಡೆ ಕೆಟ್ಟಿರುತ್ತದೆ ಎಂದೇನಿಲ್ಲ. ಹೆಚ್ಚಾಗಿ ಕಾಣುವುದು ಸೌಮ್ಯವಾದ ಬಗೆ. ವರ್ಷಗಳು ಸವೆದಂತೆ ಜಠರದ ಒಳಪದರ ತೆಳುವಾಗುತ್ತದೆ. ಹಲವರಲ್ಲಿ ಇದರ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ದೀರ್ಘಕಾಲದ ಸೋಂಕು ಇರುತ್ತದೆ. ಆಮ್ಲವೂ ಪೆಪ್ಸಿನ್ನೂ ಕಡಿಮೆಯಾದಾಗ ಆಹಾರದ ಪ್ರೋಟೀನಿಗೆ ಅಂಟಿದ ಬಿ12 ಬಿಡಿಸಿಕೊಳ್ಳುವುದೇ ಇಲ್ಲ. ಇಂಟ್ರಿನ್ಸಿಕ್ ಫ್ಯಾಕ್ಟರ್ ಸಾಕಷ್ಟಿದೆ, ಆದರೆ ಹಿಡಿಯಲು ಬಿಡಿ ಬಿ12 ಸಿಗುವುದಿಲ್ಲ. ಗ್ಯಾಸ್ಟ್ರಿಕ್‌ಗೆಂದು ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಮಾತ್ರೆಗಳು ಮಾಡುವುದೂ ಇದನ್ನೇ. ಅವು ಆಮ್ಲವನ್ನು ತಡೆಯುತ್ತವೆ, ಇಂಟ್ರಿನ್ಸಿಕ್ ಫ್ಯಾಕ್ಟರನ್ನು ಅಳಿಸುವುದಿಲ್ಲ. ಇಂಥವರಿಗೆ ಮಾತ್ರೆಯ ಬಿ12 ಚೆನ್ನಾಗಿಯೇ ಹಿಡಿಯುತ್ತದೆ, ಏಕೆಂದರೆ ಅದು ಯಾವ ಪ್ರೋಟೀನಿಗೂ ಅಂಟಿಕೊಂಡಿಲ್ಲ, ಆಮ್ಲ ಬಂದು ಬಿಡಿಸಬೇಕಾಗಿಲ್ಲ.

ಎರಡನೆಯದು ಕಡಿಮೆ ಜನರಲ್ಲಿ ಕಾಣುವ, ಆದರೆ ಗಂಭೀರವಾದ ಬಗೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಪರೈಟಲ್ ಕೋಶಗಳ ಮೇಲೆ ಎರಗುತ್ತದೆ. ಆಮ್ಲ ಮಾಡುವ ಕೋಶವೂ ಬೆಂಗಾವಲು ಕಳಿಸುವ ಕೋಶವೂ ಒಂದೇ ಆದ್ದರಿಂದ ಎರಡೂ ಒಟ್ಟಿಗೆ ನಿಲ್ಲುತ್ತವೆ. ಮೇಲಿಂದ, ಅಳಿದುಳಿದ ಇಂಟ್ರಿನ್ಸಿಕ್ ಫ್ಯಾಕ್ಟರಿಗೂ ಪ್ರತಿಕಾಯಗಳು ಅಂಟಿಕೊಂಡು ಅದು ಬಿ12ನ್ನು ಹಿಡಿಯದಂತೆ ಮಾಡುತ್ತವೆ. ಕ್ಯಾಸಲ್ ಅವರ ರೋಗಿಗಳ ಕಾಯಿಲೆ ಇದೇ. ಇದನ್ನು ಪತ್ತೆಹಚ್ಚಲು ಈ ಪ್ರತಿಕಾಯಗಳ ರಕ್ತಪರೀಕ್ಷೆ ಇದೆ. ಪ್ರತಿಕಾಯ ಸಿಕ್ಕಿತೆಂದರೆ ಕಾಯಿಲೆ ಹೆಚ್ಚುಕಡಿಮೆ ಖಚಿತ. ಸಿಗಲಿಲ್ಲವೆಂದರೆ ಕಾಯಿಲೆ ಇಲ್ಲವೆಂದಲ್ಲ, ಏಕೆಂದರೆ ರೋಗವಿದ್ದೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳದವರು ಬಹಳ.

ಎರಡು ಬಗೆಗಳ ವ್ಯತ್ಯಾಸ ಕಾಲದಲ್ಲೂ ಕಾಣುತ್ತದೆ. ನಮ್ಮ ಮೈಯಲ್ಲಿ, ಮುಖ್ಯವಾಗಿ ಯಕೃತ್ತಿನಲ್ಲಿ, 2ರಿಂದ 5 ಮಿಲಿಗ್ರಾಮ್ ಬಿ12 ದಾಸ್ತಾನು ಇರುತ್ತದೆ. ಯಕೃತ್ತು ಇದರಲ್ಲಿ ಸ್ವಲ್ಪವನ್ನು ದಿನವೂ ಪಿತ್ತರಸದೊಡನೆ ಕರುಳಿಗೆ ಬಿಡುತ್ತದೆ. ಆರೋಗ್ಯವಂತರಲ್ಲಿ ಇಂಟ್ರಿನ್ಸಿಕ್ ಫ್ಯಾಕ್ಟರ್ ಅದರ ಹೆಚ್ಚು ಪಾಲನ್ನು ಹಿಡಿದು ಇಲಿಯಂ ಬಾಗಿಲಿನಿಂದ ಹಿಂದಕ್ಕೆ ತರುತ್ತದೆ. ಹಾಗಾಗಿ ಹಾಲನ್ನೂ ಬಿಟ್ಟ ಕಟ್ಟಾ ಸಸ್ಯಾಹಾರಿಗೆ ಹೊಸದಾಗಿ ಏನೂ ಬರದಿದ್ದರೂ ಹಳೆಯದು ವರ್ಷಾನುಗಟ್ಟಲೆ ತಿರುಗುತ್ತಿರುತ್ತದೆ. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದವರಿಗೆ ಆ ಭಾಗ್ಯವೂ ಇಲ್ಲ. ಹೊಸದೂ ಬರದು, ಹಳೆಯದೂ ಸೋರುತ್ತದೆ. ಅವರ ದಾಸ್ತಾನು ಕೆಲವೇ ವರ್ಷಗಳಲ್ಲಿ ಬರಿದಾಗುತ್ತದೆ.

ನಮ್ಮ ಸಸ್ಯಾಹಾರಿ ಮನೆಗಳ ಹಿರಿಯರಲ್ಲಿ ಇನ್ನೊಂದು ತೊಡಕಿದೆ. ದಾಸ್ತಾನೇ ಮೊದಲಿನಿಂದ ತೆಳು. ಆದ್ದರಿಂದ ಹೀರಿಕೆಯಲ್ಲಿ ಸಣ್ಣ ಕೊರತೆ ಬಂದರೂ ತಳ ಬೇಗ ಕಾಣುತ್ತದೆ.

ಮೆಟ್‌ಫಾರ್ಮಿನ್ ಮತ್ತು ಕ್ಯಾಲ್ಸಿಯಂ

ಮೆಟ್‌ಫಾರ್ಮಿನ್ ಜಠರದ ಗೊಡವೆಗೆ ಹೋಗುವುದಿಲ್ಲ. ಆಮ್ಲ ಬಿಡಿಸುವಷ್ಟು ಬಿಡಿಸುತ್ತದೆ, ಇಂಟ್ರಿನ್ಸಿಕ್ ಫ್ಯಾಕ್ಟರ್ ಹಿಡಿಯುವಷ್ಟು ಹಿಡಿಯುತ್ತದೆ, ಜೋಡಿ ಇಲಿಯಂವರೆಗೂ ಬರುತ್ತದೆ. ಅಡ್ಡಿ ಬರುವುದು ಬಾಗಿಲಲ್ಲಿ. ಅಂಟಿಕೊಳ್ಳಲು ಕ್ಯಾಲ್ಸಿಯಂ ಬೇಕೆಂದೆನಲ್ಲ. ಮೆಟ್‌ಫಾರ್ಮಿನ್ ಕೋಶದ ಪೊರೆಯ ಮೇಲೆ ಕುಳಿತು ಅದರ ವಿದ್ಯುದಾವೇಶವನ್ನು ಬದಲಿಸಿ ಕ್ಯಾಲ್ಸಿಯಂ ಅನ್ನು ದೂರ ತಳ್ಳುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಇದಕ್ಕೆ ಬೆಂಬಲವಾಗಿ, 2000ದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದವರಿಗೆ ದಿನಕ್ಕೆ 1.2 ಗ್ರಾಮ್ ಕ್ಯಾಲ್ಸಿಯಂ ಕೊಟ್ಟಾಗ ಇಳಿದಿದ್ದ ಬಿ12 ಹೀರಿಕೆ ಬಹುಮಟ್ಟಿಗೆ ಸುಧಾರಿಸಿತು. ಹಾಗೆಂದು ಕ್ಯಾಲ್ಸಿಯಂ ಮಾತ್ರೆಯೇ ಇದಕ್ಕೆ ಮದ್ದು ಎಂದು ತಿಳಿಯಬೇಡಿ. ಬಾಗಿಲಿನ ಕೆಲಸ ಹೇಗೆ ಕೆಡುತ್ತದೆ ಎಂಬುದಕ್ಕೆ ಅದೊಂದು ಸಾಕ್ಷಿ, ಅಷ್ಟೇ. ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚುವುದು, ಪಿತ್ತರಸದ ಓಡಾಟ ಬದಲಾಗುವುದು ಎಂಬ ಬೇರೆ ಕಾರಣಗಳನ್ನೂ ವಿಜ್ಞಾನಿಗಳು ಮುಂದಿಟ್ಟಿದ್ದಾರೆ.

ಇಳಿಕೆ ಎಷ್ಟು ಎಂಬುದಕ್ಕೆ ನೆದರ್‌ಲ್ಯಾಂಡ್ಸ್‌ನ ಒಂದು ಅಧ್ಯಯನ ಒಳ್ಳೆಯ ಅಳತೆ ಕೊಡುತ್ತದೆ. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ 390 ಮಧುಮೇಹಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ 850 ಮಿಲಿಗ್ರಾಮ್ ಮೆಟ್‌ಫಾರ್ಮಿನ್ ದಿನಕ್ಕೆ ಮೂರು ಬಾರಿ, ಇನ್ನೊಂದಕ್ಕೆ ಅದೇ ರೂಪದ ಸಪ್ಪೆ ಮಾತ್ರೆ ಕೊಟ್ಟು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸಪ್ಪೆ ಮಾತ್ರೆಯವರಿಗೆ ಹೋಲಿಸಿದರೆ ಮೆಟ್‌ಫಾರ್ಮಿನ್ ಗುಂಪಿನ ಬಿ12 ಸರಾಸರಿ 19 ಪ್ರತಿಶತ ಕುಸಿದಿತ್ತು. ಹೆಚ್ಚಾಗಿ ಸುಮಾರು 14 ಮಂದಿಗೆ ಒಬ್ಬರಂತೆ ಕೊರತೆಗೆ ಬಿದ್ದಿದ್ದರು. ಕಾಲ ಕಳೆದಂತೆ ಕುಸಿತ ಹೆಚ್ಚುತ್ತ ಹೋಗಿತ್ತು.

ಹತ್ತೊಂಬತ್ತು ಪ್ರತಿಶತ ಕೇಳಲು ದೊಡ್ಡದಲ್ಲ. 500 ಇದ್ದವರಿಗೆ ಅದು 405 ಆದರೆ ಏನೂ ಆಗದು. ಆದರೆ 240ರಲ್ಲಿ ಹೊರಟವರು 194ಕ್ಕೆ ಬಂದು ನಿಲ್ಲುತ್ತಾರೆ. ಒಂದೇ ಮಾತ್ರೆ ಒಬ್ಬರಿಗೆ ಏನೂ ಮಾಡದೆ ಇನ್ನೊಬ್ಬರ ಕಾಲಿಗೆ ಜೋಮು ತರುವುದು ಹೀಗೆ. ಹೊರಡುವಾಗ ಕೈಯಲ್ಲಿ ಎಷ್ಟಿತ್ತು ಎಂಬುದೇ ಲೆಕ್ಕ.

ಮೇಷ್ಟ್ರ ಲೆಕ್ಕ

ಈಗ ಮೇಷ್ಟ್ರ ಹಾಲಿನ ಪ್ರಶ್ನೆಗೆ ಬರೋಣ. ಹಸುವಿನ ಹಾಲು 100 ಮಿಲಿಲೀಟರಿನಲ್ಲಿ ಸುಮಾರು 0.4 ಮೈಕ್ರೋಗ್ರಾಮ್ ಬಿ12 ಇರುತ್ತದೆ. ಕಾಫಿಗೆ ಬೀಳುವುದು, ಕುಡಿಯುವುದು, ಮಜ್ಜಿಗೆ ಮೊಸರು ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರ್ ಎಂದಿಟ್ಟುಕೊಂಡರೆ 2 ಮೈಕ್ರೋಗ್ರಾಮ್. ಬಹಳ ಹೊತ್ತು ಕುದಿಸಿದಷ್ಟೂ ಅದರಲ್ಲಿ ಸ್ವಲ್ಪ ನಾಶವಾಗುತ್ತದೆ. ಅಂದರೆ ಎಲ್ಲ ಅಂಗಗಳೂ ಸರಿಯಿದ್ದಾಗಲೇ ಮೇಷ್ಟ್ರ ಊಟ ಅಗತ್ಯದ ಅಂಚಿನಲ್ಲಿತ್ತು. ಅದಕ್ಕೆ ವಯಸ್ಸಿನ ಜಠರ ಮತ್ತು ಗ್ಯಾಸ್ಟ್ರಿಕ್ ಮಾತ್ರೆ ಸೇರಿ ಮೊದಲ ಮಜಲಿನಲ್ಲಿ ಒಂದಿಷ್ಟು ತಡೆದವು. ಬಿಡಿಸಿಕೊಂಡು ಬಂದದ್ದರಲ್ಲಿ ಒಂದಿಷ್ಟನ್ನು ಕೊನೆಯ ಬಾಗಿಲಲ್ಲಿ ಮೆಟ್‌ಫಾರ್ಮಿನ್ ತಡೆಯಿತು. ಪಿತ್ತರಸದ ಬಿ12 ಹಿಂದಿರುಗುವುದೂ ಅದೇ ಬಾಗಿಲಿನಿಂದ, ಹಾಗಾಗಿ ಅದರಲ್ಲೂ ಸೋರಿಕೆ. ಯಾವುದೊಂದೂ ಸಂಪೂರ್ಣ ಕೆಟ್ಟಿರಲಿಲ್ಲ. ಮೂರೂ ಸ್ವಲ್ಪ ಸ್ವಲ್ಪ ಕೆಟ್ಟು ಹನ್ನೆರಡು ವರ್ಷ ನಡೆದಿತ್ತು.

ಅವರ ಹಿಮೋಗ್ಲೋಬಿನ್ 13.1. ಕೆಂಪು ಕಣಗಳ ಸರಾಸರಿ ಗಾತ್ರ 94, ಅದೂ ಸಾಮಾನ್ಯವೇ. ಬಿ12 ಕೊರತೆಯಲ್ಲಿ ಕೆಂಪು ಕಣಗಳು ಊದಿ ದೊಡ್ಡದಾಗುತ್ತವೆ, ರಕ್ತಹೀನತೆ ಬರುತ್ತದೆ ಎಂದು ಪಠ್ಯದಲ್ಲಿ ಓದುತ್ತೇವೆ. ಆದರೆ ನರಗಳ ಹಾನಿ ರಕ್ತಹೀನತೆಗಾಗಿ ಕಾಯುವುದಿಲ್ಲ. ಕಬ್ಬಿಣದ ಕೊರತೆಯೂ ಜೊತೆಗಿದ್ದರೆ ಒಂದು ಕಣವನ್ನು ಹಿಗ್ಗಿಸುತ್ತದೆ, ಇನ್ನೊಂದು ಕುಗ್ಗಿಸುತ್ತದೆ, ವರದಿಯಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ‘ರಕ್ತ ಚೆನ್ನಾಗಿದೆ’ ಎಂಬ ಮಾತು ಬಿ12 ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಕಣ್ಣು ಮುಚ್ಚಿದಾಗ ವಾಲುವುದೇಕೆ? ಕಾಲು ಎಲ್ಲಿದೆ, ಹೇಗೆ ಊರಿದೆ ಎಂಬ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರತಂತುಗಳು ಬೆನ್ನುಹುರಿಯ ಹಿಂಭಾಗದಲ್ಲಿ ಸಾಗುತ್ತವೆ. ಅವುಗಳ ಮೇಲಿನ ಮಯಲಿನ್ ಎಂಬ ಹೊದಿಕೆ ಗಟ್ಟಿಯಿರಲು ಬಿ12 ಬೇಕು. ಹೊದಿಕೆ ಸವೆದಾಗ ಸುದ್ದಿ ತಲುಪುವುದಿಲ್ಲ. ಹಗಲು ಕಣ್ಣು ನೋಡಿಕೊಂಡು ಸರಿದೂಗಿಸುತ್ತದೆ. ಕಣ್ಣು ಮುಚ್ಚಿದರೆ ಅಥವಾ ಕತ್ತಲಾದರೆ ಆಧಾರ ತಪ್ಪುತ್ತದೆ. ವೈದ್ಯರು ಕಾಲಿನ ಹೆಬ್ಬೆರಳ ಮೇಲೆ ಕಂಪಿಸುವ ಶ್ರುತಿಕವೆ ಇಟ್ಟು ‘ನಡುಗಿದ್ದು ಗೊತ್ತಾಗುತ್ತಾ?’ ಎಂದು ಕೇಳುವುದು ಈ ತಂತುಗಳ ಪರೀಕ್ಷೆಗೇ. ಸಕ್ಕರೆಯಿಂದ ಕೆಟ್ಟ ನರದಲ್ಲೂ ಉರಿ, ಜೋಮು ಇರುತ್ತವೆ, ಕಂಪನ ತಿಳಿಯದಿರಬಹುದು. ಹೊರನೋಟಕ್ಕೆ ಬೇರ್ಪಡಿಸುವುದು ಕಷ್ಟ. ಅದಕ್ಕೇ ರಕ್ತ ನೋಡಬೇಕು.

ರಕ್ತದ ಸಂಖ್ಯೆಗೂ ಮಿತಿಗಳಿವೆ. 200ರಿಂದ 300ರ ನಡುವೆ ಬಂದರೆ ಅದು ಅನುಮಾನದ ವಲಯ. ಆಗ ಮೀಥೈಲ್ ಮಲೋನಿಕ್ ಆಮ್ಲ ಅಥವಾ ಹೋಮೋಸಿಸ್ಟೀನ್ ಎಂಬ ಪರೀಕ್ಷೆ ನೆರವಾಗುತ್ತದೆ. ಬಿ12 ಇಲ್ಲದೆ ಕೋಶದ ಕೆಲಸ ನಿಂತಾಗ ಇವೆರಡೂ ರಕ್ತದಲ್ಲಿ ಏರುತ್ತವೆ, ಆದರೆ ಮೂತ್ರಪಿಂಡ ಸೋತವರಲ್ಲೂ ಏರುವುದರಿಂದ ಅದನ್ನೂ ಗಮನಿಸಬೇಕು. ಇನ್ನೊಂದು ಮಾತು. ನಮ್ಮಲ್ಲಿ ‘ನರದ ಮಾತ್ರೆ’ ಎಂದು ಕೊಡುವ ಹಲವು ಗುಳಿಗೆಗಳಲ್ಲಿ ಮೀಥೈಲ್ ಕೊಬಾಲಮಿನ್ ಸೇರಿಕೊಂಡೇ ಇರುತ್ತದೆ. ಅದನ್ನು ನುಂಗುತ್ತ ರಕ್ತ ಕೊಟ್ಟರೆ ಸಂಖ್ಯೆ ಮೇಲಿರುತ್ತದೆ, ಹಿಂದೆ ಕೊರತೆಯಿತ್ತೇ ಎಂಬುದು ತಿಳಿಯುವುದಿಲ್ಲ. ಚಿಕಿತ್ಸೆಗೆ ಮೊದಲೇ ರಕ್ತ ಕೊಡಿ, ಏನೇನು ನುಂಗುತ್ತಿದ್ದೀರಿ ಎಂದು ಚೀಟಿ ತೋರಿಸಿ ಹೇಳಿ.

ಬಾಗಿಲು ಮುಚ್ಚಿದಾಗ ಕಿಂಡಿ

ನೂರಕ್ಕೊಂದು ಪಾಲು ಬೆಂಗಾವಲಿಲ್ಲದೆಯೇ ಸೋರಿ ಒಳಹೋಗುತ್ತದೆ ಎಂದಿದ್ದೆ. ಊಟದ 2 ಮೈಕ್ರೋಗ್ರಾಮಿನಲ್ಲಿ ಅದಕ್ಕೆ ಬೆಲೆಯಿಲ್ಲ. ಆದರೆ 1000 ಮೈಕ್ರೋಗ್ರಾಮಿನ ಮಾತ್ರೆ ನುಂಗಿದರೆ ನೂರಕ್ಕೊಂದು ಅಂದರೆ 10 ಮೈಕ್ರೋಗ್ರಾಮ್, ದಿನದ ಅಗತ್ಯದ ನಾಲ್ಕು ಪಟ್ಟು. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದವರಿಗೂ ದೊಡ್ಡ ಪ್ರಮಾಣದ ಮಾತ್ರೆ ಕೆಲಸ ಮಾಡುವುದು ಈ ಲೆಕ್ಕದಿಂದ. ಸ್ವೀಡನ್ನಿನ ವೈದ್ಯರು ದಶಕಗಳಿಂದ ಇದನ್ನೇ ಬಳಸುತ್ತ ಬಂದಿದ್ದಾರೆ. ಮಲ್ಟಿವಿಟಮಿನ್ ಗುಳಿಗೆಯಲ್ಲಿರುವ ಒಂದೆರಡು ಮೈಕ್ರೋಗ್ರಾಮ್ ಏಕೆ ಸಾಲದು ಎಂಬುದೂ ಇದರಿಂದಲೇ ತಿಳಿಯುತ್ತದೆ.

ಆದರೆ ನರಕ್ಕೆ ಪೆಟ್ಟು ಬಿದ್ದಿದ್ದರೆ ಹೆಚ್ಚಿನ ವೈದ್ಯರು ಇಂಜೆಕ್ಷನ್ನಿನಿಂದಲೇ ಶುರುಮಾಡುತ್ತಾರೆ. ಅದು ಕರುಳಿನ ದಾರಿಯನ್ನೇ ತಪ್ಪಿಸಿ ನೇರ ಒಳಸೇರುತ್ತದೆ. ಮೇಷ್ಟ್ರಿಗೂ ಮೊದಲು ದಿನ ಬಿಟ್ಟು ದಿನ 1000 ಮೈಕ್ರೋಗ್ರಾಮ್ ಇಂಜೆಕ್ಷನ್, ಆಮೇಲೆ ವಾರಕ್ಕೊಂದು, ಮುಂದೆ ದಿನಕ್ಕೊಂದು ಮಾತ್ರೆ. ಮೆಟ್‌ಫಾರ್ಮಿನ್ ನಿಲ್ಲಿಸಲಿಲ್ಲ. ಸಕ್ಕರೆ ಹಿಡಿತದಲ್ಲಿಡುವ ಒಳ್ಳೆಯ ಔಷಧಿ ಅದು, ಅದರಿಂದಾದ ಕೊರತೆಯನ್ನು ಬೇರೆ ಕಡೆಯಿಂದ ತುಂಬಬಹುದು. ಗ್ಯಾಸ್ಟ್ರಿಕ್ ಮಾತ್ರೆ ನಿಜಕ್ಕೂ ಇನ್ನೂ ಬೇಕೇ ಎಂದು ವೈದ್ಯರು ವಿಚಾರಿಸಿ, ಅಗತ್ಯವಿಲ್ಲವೆಂದು ಕಂಡು ಹಂತ ಹಂತವಾಗಿ ಬಿಡಿಸಿದರು.

ಒಂದು ತಪ್ಪನ್ನು ಮಾತ್ರ ಮಾಡಬಾರದು. ನಿಶ್ಶಕ್ತಿಗೆಂದು ಬಿ12 ನೋಡಿಸದೆ ಬರಿಯ ಫೋಲಿಕ್ ಆಸಿಡ್ ಮಾತ್ರೆ ನುಂಗಬಾರದು. ಫೋಲಿಕ್ ಆಸಿಡ್ ರಕ್ತವನ್ನು ಸರಿಪಡಿಸಿ ಮುಖಕ್ಕೆ ಕಳೆ ತರುತ್ತದೆ, ನರಗಳ ಸವೆತ ಒಳಗೇ ಮುಂದುವರಿಯುತ್ತದೆ.

ಮೂರು ತಿಂಗಳಿಗೆ ಮೇಷ್ಟ್ರ ಅಂಗಾಲಿನ ಉರಿ ಕಡಿಮೆಯಾಯಿತು. ಆರು ತಿಂಗಳಿಗೆ ಕಣ್ಣು ಮುಚ್ಚಿಕೊಂಡು ಮುಖ ತೊಳೆಯುವುದು ಸಾಧ್ಯವಾಯಿತು. ಬಲಗಾಲಿನ ಬೆರಳುಗಳ ಜೋಮು ಮಾತ್ರ ಹೋಗಲಿಲ್ಲ. ರಕ್ತ ಎರಡು ತಿಂಗಳಲ್ಲಿ ಚೇತರಿಸಿಕೊಳ್ಳುತ್ತದೆ. ಬಹುಕಾಲ ಹಸಿದ ನರ ಪೂರ್ತಿ ಹಿಂದಿರುಗುವ ಭರವಸೆಯನ್ನು ಯಾವ ವೈದ್ಯರೂ ಕೊಡಲಾರರು.

ಬಿ12 ಪರೀಕ್ಷೆಯನ್ನು ಸಕ್ಕರೆಯ ಮಾಮೂಲು ತಪಾಸಣೆಯ ಪಟ್ಟಿಯಲ್ಲಿ ಎಲ್ಲರೂ ಬರೆಯುವುದಿಲ್ಲ. ಮನೆಯಲ್ಲಿ ನಾಲ್ಕೈದು ವರ್ಷಕ್ಕೂ ಮೀರಿ ಮೆಟ್‌ಫಾರ್ಮಿನ್ ನುಂಗುತ್ತಿರುವವರು ಇದ್ದರೆ, ಅದರಲ್ಲೂ ಅರವತ್ತು ದಾಟಿದ ಸಸ್ಯಾಹಾರಿಗಳಾಗಿದ್ದರೆ, ಗ್ಯಾಸ್ಟ್ರಿಕ್ ಮಾತ್ರೆಯೂ ಜೊತೆಗಿದ್ದರೆ, ಮುಂದಿನ ಸಲ ರಕ್ತ ಕೊಡುವಾಗ ‘ಬಿ12 ಕೂಡ ಬರೆಯಿರಿ ಡಾಕ್ಟ್ರೇ’ ಎಂದು ನೀವೇ ಕೇಳಿ. ಚಪ್ಪಲಿ ಜಾರಿದ್ದು ತಿಳಿಯದ ದಿನಕ್ಕೆ ಕಾಯಬೇಡಿ.